ಚಾಟ್‌ನಲ್ಲಿ ‘ಆಯ್ತು ನೋಡೋಣ’ ಅಂದರು, ಮುಂದೇನು? ನೋಟಿಸ್ ಪಿರಿಯಡ್ ಕಡಿಮೆ ಮಾಡಿಸಿಕೊಳ್ಳುವ ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ಮೈಸೂರಿನ ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಅಪಾಯಿಂಟ್‌ಮೆಂಟ್ ಲೆಟರ್ ಪ್ರಕಾರ ನೋಟಿಸ್ 60 ದಿನ. ಸೆಪ್ಟೆಂಬರ್ 1ಕ್ಕೆ ರಾಜೀನಾಮೆ ಕೊಟ್ಟಿದ್ದಾರೆ. ಬೆಂಗಳೂರಿನ ಹೊಸ ಕಂಪನಿಯವರು ಅಕ್ಟೋಬರ್ ಮೊದಲ ವಾರವೇ ಬನ್ನಿ ಅಂತಿದ್ದಾರೆ. ಅವತ್ತು ಸಂಜೆ ಮ್ಯಾನೇಜರ್ ಜೊತೆ ನಡೆದ ಮಾತು ಇದು:

> ಸರ್, ಬೆಳಿಗ್ಗೆ ರಿಸೈನ್ ಲೆಟರ್ ಕೊಟ್ಟೆನಲ್ಲ, ಅದ್ರ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು
>
> ಹೇಳಮ್ಮ
>
> ಅಲ್ಲಿ ಅಕ್ಟೋಬರ್ ಮೊದಲ್ನೇ ವಾರ ಸೇರ್ಕೊಳ್ಳಿ ಅಂತಿದಾರೆ ಸರ್. ಎರಡು ತಿಂಗಳೆಲ್ಲ ಕಾಯಲ್ವಂತೆ. ಸ್ವಲ್ಪ ಬೇಗ ಬಿಡ್ತೀರಾ
>
> ಇಷ್ಟು ಅರ್ಜೆಂಟ್ ಅಂದ್ರೆ ಹೆಂಗಮ್ಮ. ಇಲ್ಲಿ ಯಾರು ನೋಡ್ತಾರೆ
>
> ಜೂನಿಯರ್‌ಗೆ ಎಲ್ಲಾ ಹೇಳ್ಕೊಟ್ಟೇ ಹೋಗ್ತೀನಿ ಸರ್. ರಜೆನೂ ಜಾಸ್ತಿ ಉಳಿದಿದೆ ನಂದು
>
> ಆಯ್ತು ನೋಡೋಣ. ಸೆಪ್ಟೆಂಬರ್ ಜಿಎಸ್‌ಟಿ ಮುಗಿಸ್ಕೊಂಡು ಹೋಗು. ಎಚ್‌ಆರ್‌ಗೆ ಒಂದು ಮೇಲ್ ಹಾಕ್ಬಿಡು
>
> ಥ್ಯಾಂಕ್ಯೂ ಸರ್ 🙏

ಮ್ಯಾನೇಜರ್ ‘ಆಯ್ತು’ ಅಂದ ಮೇಲೂ ಪತ್ರ ಯಾಕೆ ಬೇಕು?

ಅವರು ಬರೀ ‘ಆಯ್ತು’ ಅಂದಿಲ್ಲ, ‘ಆಯ್ತು ನೋಡೋಣ’ ಅಂದಿದ್ದಾರೆ. ಅದರಲ್ಲಿ ದಿನಾಂಕ ಇಲ್ಲ. ಉಳಿದ ದಿನಗಳ ಸಂಬಳ ಹಿಡಿಯುತ್ತಾರೋ ಬಿಡುತ್ತಾರೋ ಅನ್ನುವುದೂ ಇಲ್ಲ. ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಕಡಿಮೆ ಮಾಡುವ ಅಧಿಕಾರ ವಿಭಾಗದ ಮ್ಯಾನೇಜರ್ ಕೈಯಲ್ಲೇ ಇರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಒಪ್ಪುವುದು ಎಚ್‌ಆರ್ ಅಥವಾ ಮೇಲಿನವರು.

ಕೊನೆಯ ಲೆಕ್ಕ, ಅಂದರೆ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್, ಮಾಡುವವರು ನಿಮ್ಮ ಚಾಟ್ ನೋಡುವುದಿಲ್ಲ. ಅವರ ಮುಂದೆ ಇರುವುದು ರಾಜೀನಾಮೆಯ ದಿನಾಂಕ ಮತ್ತು 60 ಅನ್ನುವ ಅಂಕಿ. ನೀವು 30 ದಿನಕ್ಕೇ ಹೊರಟಿದ್ದರೆ, ಬರಹದಲ್ಲಿ ಒಪ್ಪಿಗೆ ಇಲ್ಲದಿದ್ದಾಗ, ಉಳಿದದ್ದನ್ನು ವಸೂಲಿ ಅಂತ ಹಾಕಿಬಿಡುತ್ತಾರೆ. ಅವರದು ತಪ್ಪೂ ಅಲ್ಲ.

ಚಾಟ್‌ನಲ್ಲಿ ಇರುವುದನ್ನೇ ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಬರೆದರೆ ಸಾಕಾಗಲ್ವಾ?

ಸಾಲದು. ‘ಬಿಡ್ತೀರಾ’ ಅನ್ನುವುದನ್ನು ‘ಬಿಡುಗಡೆಗೊಳಿಸಬೇಕಾಗಿ ವಿನಂತಿ’ ಅಂತ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚಾಟ್‌ನಲ್ಲಿ ಇಬ್ಬರಿಗೂ ಗೊತ್ತು ಅಂದುಕೊಂಡು ಹೇಳದೆ ಬಿಟ್ಟದ್ದನ್ನೆಲ್ಲ ಪತ್ರದಲ್ಲಿ ಬಿಡಿಸಿ ಬರೆಯಬೇಕು.

ಮೇಲಿನ ಮಾತಿನಲ್ಲೇ ನೋಡಿ. ‘ಸ್ವಲ್ಪ ಬೇಗ’ ಅಂದರೆ ಯಾವತ್ತು? ‘ರಜೆ ಜಾಸ್ತಿ ಉಳಿದಿದೆ’ ಅಂದರೆ ಎಷ್ಟು, ಅದನ್ನು ಏನು ಮಾಡಬೇಕು ಅಂತ ನಿಮ್ಮ ಕೋರಿಕೆ? ‘ಎಲ್ಲಾ ಹೇಳ್ಕೊಟ್ಟು’ ಅನ್ನುವುದರಲ್ಲಿ ಏನೇನು ಸೇರಿದೆ?

ಎಲ್ಲಕ್ಕಿಂತ ಅಪಾಯದ ಸಾಲು ‘ಸೆಪ್ಟೆಂಬರ್ ಜಿಎಸ್‌ಟಿ ಮುಗಿಸ್ಕೊಂಡು ಹೋಗು’. ಅಕೌಂಟ್ಸ್‌ನವರಿಗೆ ಇದು ತಕ್ಷಣ ಹೊಳೆಯುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕಂಪನಿ ಜಿಎಸ್‌ಟಿಆರ್-3ಬಿಯನ್ನು ಮುಂದಿನ ತಿಂಗಳ 20ರೊಳಗೆ ಹಾಕಬೇಕು. ಹಾಗಾಗಿ ಸೆಪ್ಟೆಂಬರಿನಲ್ಲಿ ಹಾಕುವುದು ಆಗಸ್ಟ್ ತಿಂಗಳ ರಿಟರ್ನ್. ಸೆಪ್ಟೆಂಬರ್ ತಿಂಗಳದ್ದಕ್ಕೆ ಅಕ್ಟೋಬರ್ 20ರವರೆಗೆ ಸಮಯ. ಮ್ಯಾನೇಜರ್ ಮನಸ್ಸಿನಲ್ಲಿ ಇದ್ದದ್ದು ಯಾವುದು? ಆಕೆ ಮೊದಲನೆಯದು ಅಂದುಕೊಂಡು ಖುಷಿಯಿಂದ ಕೈಮುಗಿದು ಬಂದಿದ್ದಾರೆ. ಅವರು ಎರಡನೆಯದು ಅಂದುಕೊಂಡಿದ್ದರೆ ಆಕೆ ಅಕ್ಟೋಬರ್ 20ರವರೆಗೂ ಕೂರಬೇಕಾಗುತ್ತದೆ. ಒಂದೇ ಮಾತು, ನಡುವೆ ಒಂದು ತಿಂಗಳ ವ್ಯತ್ಯಾಸ. ಈ ಗಂಟು ಪತ್ರದಲ್ಲೇ ಬಿಚ್ಚಬೇಕು. ಸೆಪ್ಟೆಂಬರ್ ಕೊನೆಯ ದಿನ ಬಿಚ್ಚಿಕೊಂಡರೆ ಜಗಳವೇ.

ಯಾವ ದಿನಾಂಕ ಕೇಳುವುದು ಒಳ್ಳೆಯದು?

ಹೊಸ ಕಂಪನಿಯವರು ಹೇಳಿದ ದಿನದಿಂದ ಹಿಂದಕ್ಕೆ ಎಣಿಸುವುದು ಎಲ್ಲರೂ ಮಾಡುವ ಲೆಕ್ಕ. ನಿಮ್ಮ ವಿಭಾಗದ ಕೆಲಸದ ಚಕ್ರ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಿ. ಮ್ಯಾನೇಜರ್‌ಗೆ ಒಪ್ಪಲು ಸುಲಭವಾಗುವುದು ಆ ದಿನವೇ.

ಅಕೌಂಟ್ಸ್‌ನಲ್ಲಿ ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಆದ್ದರಿಂದ 18ನೇ ತಾರೀಖಿಗೆ ಬಿಡಿ ಅಂದರೆ ಯಾರೂ ಒಪ್ಪುವುದಿಲ್ಲ. 20 ದಾಟಿದ ಮೇಲಿನ ಹತ್ತು ದಿನ ಸ್ವಲ್ಪ ಉಸಿರಾಡುವ ಸಮಯ. ಜೂನಿಯರ್‌ಗೆ ಕೆಲಸ ಹೇಳಿಕೊಡುವುದಕ್ಕೂ ಅದೇ ಸರಿ. ಅದಕ್ಕೇ ನಮ್ಮ ಉದಾಹರಣೆಯಲ್ಲಿ ಸೆಪ್ಟೆಂಬರ್ 30 ಅಂತ ಕೇಳಿದ್ದೇವೆ. ನಿಮ್ಮದು ಸ್ಟೋರ್ಸ್ ಆದರೆ ಸ್ಟಾಕ್ ಎಣಿಕೆಯ ಮರುದಿನ, ಶಾಲೆಯಾದರೆ ಪರೀಕ್ಷೆಯ ಅಂಕಗಳನ್ನು ಒಪ್ಪಿಸಿದ ಮೇಲೆ. ಹೀಗೆ ಪ್ರತಿ ಕೆಲಸಕ್ಕೂ ಒಂದು ದಿನ ಇರುತ್ತದೆ.

ಇನ್ನೊಂದು ಮಾತು. ‘ಆದಷ್ಟು ಬೇಗ’ ಅಂತ ಬರೆಯಬೇಡಿ. ದಿನಾಂಕ ಇಲ್ಲದ ಕೋರಿಕೆಗೆ ಉತ್ತರವೂ ದಿನಾಂಕ ಇಲ್ಲದೇ ಬರುತ್ತದೆ.

ದಿನಗಳನ್ನು ಎಣಿಸುವುದು ಹೇಗೆ?

ರಾಜೀನಾಮೆ ಕೊಟ್ಟ ಮರುದಿನವನ್ನು ಒಂದು ಅಂತ ಎಣಿಸಿದರೆ, ಸೆಪ್ಟೆಂಬರ್ 2ರಿಂದ 30ರವರೆಗೆ 29 ದಿನ, ಅಕ್ಟೋಬರಿನ 31 ದಿನ, ಒಟ್ಟು 60. ಅಲ್ಲಿಗೆ ನಿಯಮದ ಪ್ರಕಾರ ಕೊನೆಯ ದಿನ ಅಕ್ಟೋಬರ್ 31. ಸೆಪ್ಟೆಂಬರ್ 30ಕ್ಕೆ ಬಿಡಿ ಅಂದರೆ ಕಡಿಮೆ ಬೀಳುವುದು 31 ದಿನ.

ಕೆಲವು ಕಡೆ ಕೊಟ್ಟ ದಿನವನ್ನೂ ಸೇರಿಸಿ ಎಣಿಸುತ್ತಾರೆ. ಆಗ ಒಂದು ದಿನ ಹೆಚ್ಚುಕಮ್ಮಿ ಆಗುತ್ತದೆ. ‘ಎರಡು ತಿಂಗಳು’ ಅಂತ ಬರೆದಿದ್ದರೂ ಅದೇ ಕಥೆ. ಪತ್ರದಲ್ಲಿ ನಿಮ್ಮ ಎಣಿಕೆಯನ್ನು ಕಾಣಿಸಿಬಿಡಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮನ್ನಾ ಕೇಳಬೇಕಾ, ಹಣ ಕಟ್ಟುತ್ತೇನೆ ಅನ್ನಬೇಕಾ, ರಜೆ ಹಿಡಿದುಕೊಳ್ಳಿ ಅನ್ನಬೇಕಾ?

ಮೂರೂ ಬೇರೆ ಬೇರೆ ಕೋರಿಕೆ. ಚಾಟ್‌ನಲ್ಲಿ ಮೂರನ್ನೂ ಕಲಸಿಬಿಡುತ್ತೇವೆ. ಮನ್ನಾ ಅಂದರೆ ಉಳಿದ ದಿನಕ್ಕೆ ಏನೂ ಹಿಡಿಯುವುದಿಲ್ಲ. ರಜೆ ಹೊಂದಾಣಿಕೆ ಅಂದರೆ ಉಳಿದಿರುವ ಗಳಿಕೆ ರಜೆಯನ್ನು ನೋಟಿಸ್ ದಿನಗಳಿಗೆ ಸರಿದೂಗಿಸುವುದು. ಹಣ ಕಟ್ಟುವುದು ಅಂದರೆ ಕಡಿಮೆ ಬಿದ್ದ ದಿನಗಳ ಸಂಬಳವನ್ನು ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳುವುದು.

ನಮ್ಮ ಉದಾಹರಣೆಯಲ್ಲಿ ಕಡಿಮೆ ಬಿದ್ದದ್ದು 31 ದಿನ, ಗಳಿಕೆ ರಜೆ 14. ರಜೆ ಹೊಂದಿಸಿದರೆ ಉಳಿಯುವುದು 17 ದಿನ. ಇನ್ನು ದಿನಕ್ಕೆ ಎಷ್ಟು? ಆಕೆಯ ಮೂಲ ವೇತನ 18,000, ಒಟ್ಟು ಸಂಬಳ 36,000 ಅಂದುಕೊಳ್ಳಿ. ಮೂಲ ವೇತನದ ಮೇಲಾದರೆ ದಿನಕ್ಕೆ 600, 17 ದಿನಕ್ಕೆ 10,200 ರೂಪಾಯಿ. ಒಟ್ಟು ಸಂಬಳದ ಮೇಲಾದರೆ ದಿನಕ್ಕೆ 1,200, ಅಂದರೆ 20,400. ನೇರ ದುಪ್ಪಟ್ಟು. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್‌ನ ಸಾಲಿನಲ್ಲಿ ಬೇಸಿಕ್ ಅಂತ ಇದೆಯಾ, ಗ್ರಾಸ್ ಅಂತ ಇದೆಯಾ ನೋಡಿ. ಬರೀ ‘ಸ್ಯಾಲರಿ’ ಅಂತ ಇದ್ದರೆ ಪತ್ರ ಕೊಡುವ ಮೊದಲೇ ಎಚ್‌ಆರ್ ಹತ್ತಿರ ಕೇಳಿಕೊಳ್ಳಿ. 30ರ ಬದಲು 26ರಿಂದ ಭಾಗಿಸುವ ಕಂಪನಿಗಳೂ ಇವೆ. ಆಗ ದಿನದ ದರ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ.

ರಜೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಉಳಿದ ರಜೆಗೆ ಹಣ ಕೊಡುವ ಕಂಪನಿಯಾದರೆ, ಒಂದೋ ಹಣ ತೆಗೆದುಕೊಳ್ಳಬಹುದು, ಇಲ್ಲ ನೋಟಿಸ್‌ಗೆ ಹೊಂದಿಸಬಹುದು. ಎರಡೂ ಆಗುವುದಿಲ್ಲ. ರಜೆಗೆ ಹಣ ಕೊಡುವಾಗ ಮೂಲ ವೇತನ, ನೋಟಿಸ್ ವಸೂಲಿ ಮಾಡುವಾಗ ಒಟ್ಟು ಸಂಬಳ ಅಂತ ನಿಯಮ ಇದ್ದರೆ ಹೊಂದಾಣಿಕೆಯೇ ಲಾಭ. ಆ 14 ದಿನಕ್ಕೆ ಹಣ ತೆಗೆದುಕೊಂಡರೆ ಕೈಗೆ ಬರುವುದು 8,400, ನೋಟಿಸ್‌ಗೆ ಹೊಂದಿಸಿದರೆ ಉಳಿಯುವುದು 16,800. ಎರಡೂ ಒಂದೇ ದರದಲ್ಲಿದ್ದರೆ ಹೆಚ್ಚು ವ್ಯತ್ಯಾಸ ಇಲ್ಲ. ಕಂಪನಿ ನಿಯಮದಲ್ಲಿ ‘ನೋಟಿಸ್‌ಗೆ ರಜೆ ಹೊಂದಿಸುವಂತಿಲ್ಲ’ ಅಂತ ಇದ್ದರೆ ಅದು ವಿಶೇಷ ಒಪ್ಪಿಗೆಯ ಮಾತು. ಕೇಳುವುದಕ್ಕೆ ಅಡ್ಡಿ ಇಲ್ಲ, ಆದರೆ ಹಕ್ಕು ಅನ್ನುವ ಧಾಟಿಯಲ್ಲಿ ಬರೆಯಬೇಡಿ.

ನನ್ನ ಸಲಹೆ: ಮೊದಲು ರಜೆ ಹೊಂದಾಣಿಕೆ ಕೇಳಿ, ಉಳಿದದ್ದಕ್ಕೆ ಮನ್ನಾ ಕೇಳಿ, ಮನ್ನಾ ಆಗದಿದ್ದರೆ ನಿಯಮದಂತೆ ಹಿಡಿದುಕೊಳ್ಳಿ ಅನ್ನಿ. ಮೊದಲ ಸಾಲಲ್ಲೇ ‘ಹಣ ಕಟ್ಟಲು ಸಿದ್ಧ’ ಅಂದುಬಿಟ್ಟರೆ ಮನ್ನಾ ಮಾಡೋಣ ಅಂತ ಯಾರಿಗೂ ಅನ್ನಿಸುವುದಿಲ್ಲ.

ವಸೂಲಿಯ ಮೇಲೆ ಜಿಎಸ್‌ಟಿ ಸೇರಿಸುತ್ತಾರಾ ಅಂತಲೂ ಕೇಳುವವರಿದ್ದಾರೆ. ನೋಟಿಸ್ ಸಂಬಳದ ವಸೂಲಿಗೆ ಜಿಎಸ್‌ಟಿ ಬರುವುದಿಲ್ಲ ಅಂತ 2022ರ ಆಗಸ್ಟಿನ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ.

ಹಾಗಾದರೆ ಆ ಚಾಟ್ ಪತ್ರವಾದಾಗ ಹೇಗಿರುತ್ತದೆ?

ಹೀಗೆ:

> ದಿನಾಂಕ: ಸೆಪ್ಟೆಂಬರ್ 2
>
> ಇವರಿಗೆ: ಎಚ್‌ಆರ್ ಮ್ಯಾನೇಜರ್
> ಮೂಲಕ: ಅಕೌಂಟ್ಸ್ ಮ್ಯಾನೇಜರ್
>
> ವಿಷಯ: ನೋಟಿಸ್ ಅವಧಿ ಕಡಿಮೆ ಮಾಡಿ ಸೆಪ್ಟೆಂಬರ್ 30ರಂದು ಬಿಡುಗಡೆ ಮಾಡುವಂತೆ ಕೋರಿಕೆ
>
> ಮಾನ್ಯರೇ,
>
> ಸೆಪ್ಟೆಂಬರ್ 1ರಂದು ನಾನು ರಾಜೀನಾಮೆ ಸಲ್ಲಿಸಿದ್ದೇನೆ. 60 ದಿನಗಳ ನೋಟಿಸ್ ಪ್ರಕಾರ ನನ್ನ ಕೊನೆಯ ಕೆಲಸದ ದಿನ ಅಕ್ಟೋಬರ್ 31. ನಾನು ಅಕ್ಟೋಬರ್ ಮೊದಲ ವಾರ ಹೊಸ ಕೆಲಸಕ್ಕೆ ಸೇರಬೇಕಾಗಿರುವುದರಿಂದ, ಸೆಪ್ಟೆಂಬರ್ 30ರ ಸಂಜೆ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.
>
> ಇದರಿಂದ 31 ದಿನ ಕಡಿಮೆಯಾಗುತ್ತದೆ. ನನ್ನ ಖಾತೆಯಲ್ಲಿರುವ 14 ದಿನಗಳ ಗಳಿಕೆ ರಜೆಯನ್ನು ಇದಕ್ಕೆ ಹೊಂದಿಸಿ, ಉಳಿದ 17 ದಿನಗಳನ್ನು ಮನ್ನಾ ಮಾಡಬೇಕೆಂದು ವಿನಂತಿ. ಮನ್ನಾ ಸಾಧ್ಯವಾಗದಿದ್ದರೆ ನನ್ನ ನೇಮಕಾತಿ ಪತ್ರದ ಷರತ್ತಿನಂತೆ ಆ ಮೊತ್ತವನ್ನು ಅಂತಿಮ ಲೆಕ್ಕದಲ್ಲಿ ಮುರಿದುಕೊಳ್ಳಬಹುದು.
>
> ಈ ವಿಷಯವನ್ನು ನಿನ್ನೆ ಅಕೌಂಟ್ಸ್ ಮ್ಯಾನೇಜರ್ ಅವರ ಗಮನಕ್ಕೆ ತಂದಿದ್ದೇನೆ. ಜಿಎಸ್‌ಟಿ ಕೆಲಸ ಮುಗಿಸಿ ಹೋಗುವಂತೆ ಅವರು ತಿಳಿಸಿದ್ದಾರೆ. ಅದರಂತೆ ಆಗಸ್ಟ್ ತಿಂಗಳ ಜಿಎಸ್‌ಟಿಆರ್-3ಬಿಯನ್ನು ಸೆಪ್ಟೆಂಬರ್ 20ರೊಳಗೆ ನಾನೇ ಸಲ್ಲಿಸುತ್ತೇನೆ. ಸೆಪ್ಟೆಂಬರ್ ತಿಂಗಳ ರಿಟರ್ನ್ ಅಕ್ಟೋಬರ್ 20ಕ್ಕೆ ಬರುವುದರಿಂದ, ಅದಕ್ಕೆ ಬೇಕಾದ ಖರೀದಿ ಮತ್ತು ಮಾರಾಟದ ಬಿಲ್‌ಗಳನ್ನು ಸೆಪ್ಟೆಂಬರ್ 30ರವರೆಗೆ ನಮೂದಿಸಿ, ತಾಳೆ ನೋಡಿ, ಜೂನಿಯರ್ ಅವರಿಗೆ ಒಪ್ಪಿಸುತ್ತೇನೆ. ಎರಡನೇ ತ್ರೈಮಾಸಿಕದ ಟಿಡಿಎಸ್ ರಿಟರ್ನ್‌ಗೆ ಅಕ್ಟೋಬರ್ 31 ಕೊನೆಯ ದಿನ. ನಾನು ಹೊರಡುವವರೆಗಿನ ಚಲನ್ ಮತ್ತು ಪ್ಯಾನ್ ಪಟ್ಟಿಯನ್ನೂ ಸಿದ್ಧ ಮಾಡಿಕೊಡುತ್ತೇನೆ.
>
> ಸೆಪ್ಟೆಂಬರ್ 8ರೊಳಗೆ ತಮ್ಮ ನಿರ್ಧಾರವನ್ನು ಬರಹದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಉದ್ಯೋಗಿ ಸಂಖ್ಯೆ)

ಅಷ್ಟೇ. ಇದಕ್ಕಿಂತ ಉದ್ದ ಬೇಡ. ನಿಮ್ಮ ಆಫೀಸಿನಲ್ಲಿ ಪತ್ರವ್ಯವಹಾರ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ಕ್ರಮ ಇದೇ ಇರಲಿ: ಕೋರಿಕೆ, ಲೆಕ್ಕ, ಕೆಲಸ ಒಪ್ಪಿಸುವ ಬಗೆ, ಉತ್ತರಕ್ಕೆ ಒಂದು ದಿನ.

‘ಮ್ಯಾನೇಜರ್ ಒಪ್ಪಿದ್ದಾರೆ’ ಅಂತ ಬರೆಯಬಹುದಾ? ಚಾಟ್‌ನ ಸ್ಕ್ರೀನ್‌ಶಾಟ್ ಲಗತ್ತಿಸಲಾ?

ಎರಡೂ ಬೇಡ. ಅವರು ಒಪ್ಪಿಲ್ಲ, ನೋಡೋಣ ಅಂದಿದ್ದಾರೆ. ‘ಒಪ್ಪಿದ್ದಾರೆ’ ಅಂತ ಎಚ್‌ಆರ್‌ಗೆ ಬರೆದರೆ ‘ನಾನೆಲ್ಲಿ ಒಪ್ಪಿದೆ’ ಅನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದ ಹೇಳಿದವರೂ ತಿರುಗಿಬೀಳುತ್ತಾರೆ. ‘ಗಮನಕ್ಕೆ ತಂದಿದ್ದೇನೆ’ ಅನ್ನುವುದು ನಿಜವೂ ಹೌದು, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಇಲ್ಲ.

ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇರಲಿ. ಮೊದಲ ಪತ್ರದಲ್ಲೇ ಅದನ್ನು ಅಂಟಿಸಿದರೆ ಸಾಕ್ಷಿ ಹಿಡಿದುಕೊಂಡು ಬಂದ ಹಾಗೆ ಕಾಣುತ್ತದೆ. ಪತ್ರ ಕಳಿಸುವ ಮೊದಲು ಮ್ಯಾನೇಜರ್‌ಗೆ ಒಮ್ಮೆ ತೋರಿಸಿ, ‘ಸರ್, ಜಿಎಸ್‌ಟಿ ಅಂದ್ರೆ ಆಗಸ್ಟ್‌ದು ತಾನೇ?’ ಅಂತ ಕೇಳಿಬಿಡಿ. ಎರಡು ನಿಮಿಷದ ಕೆಲಸ.

ಕಾರಣ ಎಷ್ಟು ಹೇಳಬೇಕು?

ಒಂದು ಸಾಲು. ಹೊಸ ಕಂಪನಿಯ ಹೆಸರು, ಸಂಬಳ, ಯಾಕೆ ಬಿಡುತ್ತಿದ್ದೀರಿ ಅನ್ನುವುದು ಯಾವುದೂ ಬೇಡ. ‘ಅಲ್ಲಿ ಕಾಯಲ್ವಂತೆ’ ಅನ್ನುವ ಮಾತನ್ನು ಚಾಟ್‌ನಲ್ಲೇ ಬಿಟ್ಟುಬಿಡಿ, ಪತ್ರದಲ್ಲಿ ಅದು ಒತ್ತಡ ಹಾಕಿದಂತೆ ಕೇಳಿಸುತ್ತದೆ.

ಅಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿದರೆ ಬೇಗ ಬಿಡುತ್ತಾರೆ ಅಂತ ಸಲಹೆ ಕೊಡುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಕೇಳಬೇಡಿ. ಯುಎಎನ್ ಅನ್ನುವ ನಿಮ್ಮ ಒಂದೇ ಪಿಎಫ್ ಸಂಖ್ಯೆಯ ಅಡಿಯಲ್ಲಿ ಮುಂದಿನ ತಿಂಗಳೇ ಹೊಸ ಕಂಪನಿಯ ಪಿಎಫ್ ಶುರುವಾಗುತ್ತದೆ, ಮತ್ತೆ ಹೊಸ ಕಂಪನಿಯವರು ಹಿನ್ನೆಲೆ ವಿಚಾರಿಸಲು ಫೋನ್ ಮಾಡುವುದು ಇದೇ ಎಚ್‌ಆರ್‌ಗೆ. ಆರೋಗ್ಯದ ಕಾರಣ ನಿಜವಾಗಿದ್ದರೆ ಬೇರೆ ಮಾತು, ಆಗ ಬರೆಯಿರಿ.

ಕೆಲಸ ಒಪ್ಪಿಸುವ ಬಗ್ಗೆ ಇಷ್ಟೊಂದು ಯಾಕೆ?

‘ಇಲ್ಲಿ ಯಾರು ನೋಡ್ತಾರೆ’ ಅಂತ ಮ್ಯಾನೇಜರ್ ಕೇಳಿದ್ದಾರಲ್ಲ, ಅವರ ತಲೆನೋವು ಅದೊಂದೇ. ಉಳಿದದ್ದೆಲ್ಲ ಎಚ್‌ಆರ್‌ನ ಲೆಕ್ಕ. ಅದಕ್ಕೆ ಪತ್ರದ ದೊಡ್ಡ ಪ್ಯಾರಾ ಅದಕ್ಕೇ ಮೀಸಲು.

ಪತ್ರದಲ್ಲಿ ಬರೆಯದಿದ್ದರೂ ಮರೆಯಬಾರದ ಒಂದು ಕೆಲಸ ಇದೆ. ಎಷ್ಟೋ ಕಡೆ ಜಿಎಸ್‌ಟಿ, ಪಿಎಫ್, ಇಎಸ್‌ಐ ಪೋರ್ಟಲ್‌ಗಳಲ್ಲಿ ಅಕೌಂಟ್ಸ್‌ನವರ ಸ್ವಂತ ಮೊಬೈಲ್ ನಂಬರೇ ಕೂತಿರುತ್ತದೆ. ಒಟಿಪಿ ಬರುವುದು ಅವರಿಗೇ. ಹಾಗೇ ಬಿಟ್ಟುಹೋದರೆ ಅಕ್ಟೋಬರ್ 20ರಂದು ನೀವು ಹೊಸ ಆಫೀಸಿನ ಮೀಟಿಂಗ್‌ನಲ್ಲಿ ಕೂತಿರುವಾಗ ಹಳೆಯವರಿಂದ ಮೇಲಿಂದ ಮೇಲೆ ಫೋನ್. ನಂಬರ್ ಬದಲಾಯಿಸಿಕೊಳ್ಳಿ ಅಂತ ಮೊದಲೇ ಹೇಳಿ, ಆಗಿದೆ ಅಂತ ಒಪ್ಪಿಗೆ ಪಟ್ಟಿಯಲ್ಲಿ ಸಹಿ ಹಾಕಿಸಿಕೊಳ್ಳಿ. ಕಂಪನಿಯ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಡ್ರಾಯರ್‌ನಲ್ಲಿದ್ದರೆ ಅದಕ್ಕೂ ಹೀಗೆಯೇ.

ಉತ್ತರವೇ ಬರಲಿಲ್ಲ. ಏನು ಮಾಡಲಿ?

ಕೊಟ್ಟ ದಿನ ಕಳೆದ ಮೇಲೆ ಅದೇ ಮೇಲ್‌ಗೆ ಎರಡು ಸಾಲು ಸೇರಿಸಿ ಕಳಿಸಿ: ‘ಸೆಪ್ಟೆಂಬರ್ 2ರ ನನ್ನ ಕೋರಿಕೆಯ ಬಗ್ಗೆ ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ. ಒಪ್ಪಿಗೆ ಬಂದ ಮೇಲೆಯೇ ಹೊಸ ಕಡೆ ಸೇರುವ ದಿನವನ್ನು ಖಚಿತ ಮಾಡಬೇಕಾಗಿದೆ.’ ಮೇಲ್ ಜೊತೆ ಎಚ್‌ಆರ್ ಮೇಜಿನ ಹತ್ತಿರವೂ ಹೋಗಿ. ಎಷ್ಟೋ ಸಲ ಫೈಲ್ ಸುಮ್ನೆ ಯಾರದೋ ಸಹಿಗೆ ಕಾಯುತ್ತಾ ಬಿದ್ದಿರುತ್ತದೆ.

‘ಉತ್ತರ ಬಾರದಿದ್ದರೆ ಒಪ್ಪಿದ್ದೀರಿ ಎಂದು ಭಾವಿಸುತ್ತೇನೆ’ ಅಂತ ಬರೆಯುವವರಿದ್ದಾರೆ. ನೀವು ಭಾವಿಸಿದ ಮಾತ್ರಕ್ಕೆ ಕರಾರು ಬದಲಾಗುವುದಿಲ್ಲ.

‘ಕೆಲಸ ಒಪ್ಪಿಸುವುದಕ್ಕೆ ಒಳಪಟ್ಟು ಒಪ್ಪಲಾಗಿದೆ’ ಅಂತ ಬಂತು. ಇದು ಒಪ್ಪಿಗೆಯಾ?

ಅರ್ಧ ಒಪ್ಪಿಗೆ. ಕೆಲಸ ಪೂರ್ತಿ ಒಪ್ಪಿಸಿಲ್ಲ ಅಂತ ಕೊನೆಯ ವಾರ ಯಾರಾದರೂ ಅಂದರೆ ದಿನಾಂಕ ಜಾರುತ್ತದೆ. ಏನೇನು ಒಪ್ಪಿಸಿದರೆ ಮುಗಿದಂತೆ ಅಂತ ಪಟ್ಟಿ ಮಾಡಿ, ಮ್ಯಾನೇಜರ್‌ಗೆ ಕಳಿಸಿ, ಅವರಿಂದ ಸರಿ ಅನ್ನಿಸಿಕೊಳ್ಳಿ. ಒಂದೊಂದು ಮುಗಿದ ಹಾಗೆ ಜೂನಿಯರ್ ಸಹಿ ಹಾಕಲಿ. ಬಂದ ಉತ್ತರದಲ್ಲಿ ಕೊನೆಯ ದಿನಾಂಕ ಮತ್ತು 17 ದಿನದ ವಿಷಯ, ಎರಡೂ ಇವೆಯಾ ನೋಡಿ. ದಿನಾಂಕ ಮಾತ್ರ ಇದ್ದು ಹಣದ ಮಾತು ಇಲ್ಲದಿದ್ದರೆ ಆಗಲೇ ಕೇಳಿ.

ಒಪ್ಪದಿದ್ದರೂ ಹೊರಟುಬಿಟ್ಟರೆ?

ಇಷ್ಟವಿಲ್ಲದವರನ್ನು ಎಳೆದು ತಂದು ಕೂರಿಸಿ ಕೆಲಸ ಮಾಡಿಸಿ ಅಂತ ಕೋರ್ಟ್ ಸಾಮಾನ್ಯವಾಗಿ ಆದೇಶ ಕೊಡುವುದಿಲ್ಲ. 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್ ಹಿಂದಿರುವ ತತ್ವ ಅದು. ಆದರೆ ಕರಾರಿನಂತೆ ಹಣ ಕೇಳಬಹುದು, ರಿಲೀವಿಂಗ್ ಲೆಟರ್ ತಡೆಹಿಡಿದು ಸತಾಯಿಸಬಹುದು. ಹೊಸ ಕಂಪನಿ ಮೊದಲ ದಿನವೇ ಕೇಳುವುದು ಆ ಕಾಗದವನ್ನೇ. ಹೊರಡುವುದಕ್ಕಿಂತ, ಹೊಸ ಕಡೆಯವರ ಹತ್ತಿರ ಹತ್ತು ದಿನ ಹೆಚ್ಚು ಕೇಳಿ, ಹಳೆಯ ಕಡೆ ಅಕ್ಟೋಬರ್ 10 ಅಂತ ಹೊಸ ಕೋರಿಕೆ ಕೊಡುವುದು ಜಾಣತನ. ಅಕ್ಟೋಬರ್ 7ರ ಟಿಡಿಎಸ್ ಮುಗಿಸಿಕೊಡುತ್ತೇನೆ ಅಂತ ಸೇರಿಸಿದರೆ ಎಷ್ಟೋ ಮ್ಯಾನೇಜರ್‌ಗಳು ಮೆತ್ತಗಾಗುತ್ತಾರೆ.

ಬೇಗ ಹೊರಡುವುದರಿಂದ ನನಗೇ ನಷ್ಟ ಆಗುವ ಸಂದರ್ಭ ಇದೆಯಾ?

ಇದೆ, ಗ್ರಾಚ್ಯುಟಿ. ಕಾಯಂ ನೌಕರರಿಗೆ ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು. ನಿಮ್ಮ 5 ವರ್ಷ ಅಕ್ಟೋಬರ್ ಮಧ್ಯದಲ್ಲಿ ತುಂಬುವುದಿದ್ದರೆ, ಸೆಪ್ಟೆಂಬರ್ 30ಕ್ಕೆ ಬಿಡಿ ಅಂತ ಕೇಳಿ ನಿಮ್ಮ ಕೈಯಾರೆ ತಕರಾರಿಗೆ ದಾರಿ ಮಾಡಿಕೊಟ್ಟಂತೆ. ಸೇರಿದ ದಿನಾಂಕ ಒಮ್ಮೆ ನೋಡಿಕೊಂಡು ಆಮೇಲೆ ಪತ್ರ ಬರೆಯಿರಿ. ಬೋನಸ್ ಕೊಡುವ ದಿನ ಕಂಪನಿಯ ಪಟ್ಟಿಯಲ್ಲಿ ಇರಬೇಕು ಅನ್ನುವ ನಿಯಮ ಇದ್ದರೆ ಅದನ್ನೂ ನೋಡಿ.

ಬಿಡುಗಡೆ ಆಯಿತು. ಇನ್ನು ಏನು ನೋಡಿಕೊಳ್ಳಬೇಕು?

ರಿಲೀವಿಂಗ್ ಲೆಟರ್, ಅಂತಿಮ ಲೆಕ್ಕದ ಹಾಳೆ, ಪಿಎಫ್ ಖಾತೆಯ ‘ಕೆಲಸ ಬಿಟ್ಟ ದಿನಾಂಕ’, ಈ ಮೂರರಲ್ಲೂ ಸೆಪ್ಟೆಂಬರ್ 30 ಅಂತಲೇ ಇರಬೇಕು. ಕೆಲವೊಮ್ಮೆ ಪಿಎಫ್‌ನಲ್ಲಿ ಹಳೆಯ ಅಕ್ಟೋಬರ್ 31 ಬಿದ್ದುಬಿಡುತ್ತದೆ. ಹೊಸ ಕಂಪನಿ ಅಕ್ಟೋಬರ್ 6ಕ್ಕೆ ಸೇರಿದ್ದಾರೆ ಅಂತ ತೋರಿಸಿದರೆ ಒಂದೇ ತಿಂಗಳು ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ, ಹಣ ವರ್ಗಾಯಿಸುವಾಗ ಅದೇ ತೊಡಕು. ಕಂಪನಿ ದಿನಾಂಕ ಹಾಕದೇ ಬಿಟ್ಟರೆ, ಕೊನೆಯ ವಂತಿಗೆ ಬಂದ ಎರಡು ತಿಂಗಳ ನಂತರ ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಿಕೊಳ್ಳಬಹುದು. ಹಾಕುವ ಮೊದಲು ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ದಿನಾಂಕ ತಾಳೆ ನೋಡಿ. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ದೊಡ್ಡ ಓಡಾಟ.